ಕಾಫಿ ಪ್ಯಾಕೆಟ್ ಮೇಲಿನ ಅಕ್ಷರಕ್ಕೂ ಲೈಸೆನ್ಸ್ ಬೇಕು

ಚಿಕ್ಕಮಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವವರ ಹತ್ತಿರ ಕಾಫಿ ಪುಡಿ ಪ್ಯಾಕೆಟ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ತೋಟದವರು ಈಗ ಬೀಜದ ಜೊತೆಗೆ ತಮ್ಮದೇ ಹೆಸರಿನ ಪುಡಿಯನ್ನೂ ಮಾರುತ್ತಾರೆ. ನನಗೂ ಅಂಥದ್ದೊಂದು ಕೆಲಸ ಬಂದಿತ್ತು. ತೋಟದ ಹೆಸರಿಗೆ ಕೈಬರಹದಂಥ ಚೆಂದದ ಇಂಗ್ಲಿಷ್ ಫಾಂಟ್ ಒಂದನ್ನು ಉಚಿತ ತಾಣದಿಂದ ಇಳಿಸಿಕೊಂಡು ಹಾಕಿದೆ. ಪ್ಯಾಕೆಟ್ ಆನ್‌ಲೈನ್ ಮಾರಾಟಕ್ಕೂ ಹೋಯಿತು. ಸುಮಾರು ಆರು ತಿಂಗಳಾದ ಮೇಲೆ ಫಾಂಟ್ ಮಾಡಿದವರಿಂದ ತೋಟದವರಿಗೆ ಇಮೇಲ್ ಬಂತು: ‘ಇದನ್ನು ವ್ಯಾಪಾರಕ್ಕೆ ಬಳಸಲು ನೀವು ಕೊಂಡ ಲೈಸೆನ್ಸ್ ತೋರಿಸಿ.’

ತೋಟದವರು ನನಗೆ ಫೋನ್ ಮಾಡಿ, ‘ಏನ್ರೀ ಇದು, ನಿಮಗೆ ದುಡ್ಡು ಕೊಟ್ಟಿದ್ದೀನಲ್ಲ?’ ಎಂದರು. ಹಳೆಯ ಜಿಪ್ ಫೈಲ್ ತೆರೆದು ನೋಡಿದೆ. ಒಳಗಿದ್ದ `readme.txt` ಫೈಲ್‌ನಲ್ಲಿ "Free for personal use" ಎಂದು ಸ್ಪಷ್ಟವಾಗಿ ಬರೆದಿತ್ತು. ಸ್ವಂತ ಬಳಕೆಗೆ ಮಾತ್ರ ಉಚಿತ ಅಂತ. ಮನೆಯ ಮದುವೆ ಕರೆಯೋಲೆಗೆ ಸರಿ, ಮಾರುವ ಪ್ಯಾಕೆಟ್‌ಗೆ ಅಲ್ಲ. ಕ್ಷಮೆ ಕೇಳಿ, ವಾಣಿಜ್ಯ ಲೈಸೆನ್ಸ್ ಕೊಂಡು ಮುಗಿಸಿದೆ. ಆ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಫಾಂಟ್ ಮಾಡಿದವರು ಒಪ್ಪದಿದ್ದರೆ ಪ್ಯಾಕೆಟ್ ಬದಲಿಸಬೇಕಿತ್ತು. ಗ್ರೇವ್ಯೂರ್‌ನಲ್ಲಿ ಪೌಚ್ ಪ್ರಿಂಟ್ ಮಾಡಿಸಿದವರಿಗೆ ಗೊತ್ತು, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ಹೆಸರಿನ ಅಕ್ಷರ ಬದಲಾದರೆ ಆ ಬಣ್ಣದ ಸಿಲಿಂಡರನ್ನು ಮತ್ತೆ ಮಾಡಿಸಬೇಕು. ಉಳಿದ ಪೌಚ್‌ಗಳು ರದ್ದಿಗೆ. ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ.

ಮೊದಲು ಕೇಳಿ: ಇದು ಎಲ್ಲೆಲ್ಲಿ ಹೋಗುತ್ತದೆ?

ಲೈಸೆನ್ಸ್ ಸಿಗುವುದು ಫೈಲ್‌ಗಲ್ಲ, ಬಳಕೆಗೆ. ಇದೊಂದು ಅರ್ಥವಾದರೆ ಅರ್ಧ ಗೊಂದಲ ಹೋಗುತ್ತದೆ. ಕೊಂಡ ಫಾಂಟ್‌ನ ಡೆಸ್ಕ್‌ಟಾಪ್ ಲೈಸೆನ್ಸ್ ಸಾಮಾನ್ಯವಾಗಿ ಪ್ಯಾಕೆಟ್, ಪಾಂಪ್ಲೆಟ್, ಬೋರ್ಡುಗಳಿಗೆ ಸಾಕು. ಅದೇ ಫಾಂಟನ್ನು ವೆಬ್‌ಸೈಟ್‌ಗೆ ಸೇರಿಸಿದರೆ ವೆಬ್‌ಫಾಂಟ್ ಲೈಸೆನ್ಸ್ ಬೇರೆ, ಮೊಬೈಲ್ ಆ್ಯಪ್‌ಗೆ ಮತ್ತೊಂದು. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಕೇಳುತ್ತೇನೆ: ಬರೀ 250 ಗ್ರಾಂ ಪೌಚಾ? ವೆಬ್‌ಸೈಟ್ ಇದೆಯಾ? ಮುಂದೆ ಮಗ್, ಟೀ ಶರ್ಟ್ ಮಾರುವ ಯೋಚನೆ ಇದೆಯಾ? ಉತ್ತರವನ್ನು ವಾಟ್ಸಾಪ್‌ನಲ್ಲೇ ಬರೆಸಿಕೊಳ್ಳುತ್ತೇನೆ. ಬಾಯಿಮಾತು ಆರು ತಿಂಗಳಿಗೆ ಮರೆತುಹೋಗುತ್ತದೆ.

ಫಾಂಟ್ ನೋಡುವ ಬಗೆ

ಕನ್ನಡಕ್ಕೆ ನಮ್ಮ ಅದೃಷ್ಟ ಚೆನ್ನಾಗಿದೆ. ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಇಳಿಸಿಕೊಂಡ ಜಿಪ್ ಒಳಗೆ `OFL.txt` ಇರುತ್ತದೆ. ಮಾರುವ ಪ್ಯಾಕೆಟ್, ವೆಬ್‌ಸೈಟ್, ಲೋಗೋ, ಯಾವುದಕ್ಕೂ ಬಳಸಬಹುದು. ಆ ಫೈಲ್ ಜೊತೆಗಿಟ್ಟು ಗ್ರಾಹಕರಿಗೂ ಕೊಡಬಹುದು. ಫಾಂಟನ್ನೇ ಒಂಟಿಯಾಗಿ ಮಾರುವ ಹಾಗಿಲ್ಲ, ಅಷ್ಟೇ.

ತೊಂದರೆ ಇರುವುದು ಅಲಂಕಾರದ ಇಂಗ್ಲಿಷ್ ಫಾಂಟ್‌ಗಳಲ್ಲಿ. ‘ಫ್ರೀ ಡೌನ್‌ಲೋಡ್’ ಬಟನ್ ಒತ್ತಿದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. ಒಳಗಿನ ಟೆಕ್ಸ್ಟ್ ಫೈಲ್ ಓದಬೇಕು, ಫಾಂಟ್ ಮಾಡಿದವರ ಸ್ವಂತ ತಾಣಕ್ಕೆ ಹೋಗಿ ನೋಡಬೇಕು. ಪೆನ್‌ಡ್ರೈವ್‌ನಲ್ಲಿ ಸ್ನೇಹಿತರು ಕೊಟ್ಟ ‘5,000 ಫಾಂಟ್ ಕಲೆಕ್ಷನ್’ ಇದೆಯಲ್ಲ, ಅದನ್ನು ನಾನು ಅಳಿಸಿಬಿಟ್ಟೆ. ಎಲ್ಲಿಂದ ಬಂತು ಎಂದು ಹೇಳಲಾಗದ ಫಾಂಟನ್ನು ಗ್ರಾಹಕರ ಕೆಲಸಕ್ಕೆ ಹಚ್ಚುವುದೇ ಬೇಡ.

‘ಕರ್ವ್ ಮಾಡಿಬಿಟ್ಟರೆ ಆಯ್ತಲ್ವಾ?’ ಎಂದು ಕೇಳುವವರು ತುಂಬ ಜನ. ಕೋರೆಲ್‌ನಲ್ಲಿ `Ctrl+Q`, ಇಲಸ್ಟ್ರೇಟರ್‌ನಲ್ಲಿ `Ctrl+Shift+O` ಒತ್ತಿದರೆ ಅಕ್ಷರ ಗೆರೆಯಾಗುತ್ತದೆ ನಿಜ. ಆದರೆ ಆ ಫಾಂಟ್ ಬಳಸಿದ್ದೀರಿ ಎಂಬುದು ಹಾಗೇ ಉಳಿಯುತ್ತದೆ. ಕರ್ವ್ ಮಾಡುವುದು ಬೇರೆ ಕಾರಣಕ್ಕೆ ಬೇಕು. ‘ಓಪನ್ ಫೈಲ್ ಕೊಡಿ, ಫಾಂಟೂ ಕಳಿಸಿ’ ಎಂದು ಪ್ರೆಸ್‌ನವರು ಕೇಳುತ್ತಾರೆ. ಕೊಂಡ ಫಾಂಟನ್ನು ಹಾಗೆ ಹಂಚಲು ಹೆಚ್ಚಿನ ಲೈಸೆನ್ಸ್‌ಗಳು ಬಿಡುವುದಿಲ್ಲ. ಕರ್ವ್ ಮಾಡಿದ ಪಿಡಿಎಫ್ ಕಳಿಸಿದರೆ ಪ್ರೆಸ್‌ಗೆ ಫಾಂಟೇ ಬೇಡ. ಕಳಿಸುವ ಮುನ್ನ ಆ ಪಿಡಿಎಫನ್ನು ಅಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆದು Properties ಒಳಗಿನ Fonts ನೋಡಿ. ಅಕ್ಷರವೆಲ್ಲ ಕರ್ವ್ ಆಗಿದ್ದರೆ ಪಟ್ಟಿ ಖಾಲಿ ಇರುತ್ತದೆ. ಕರ್ವ್ ಮಾಡುವ ಮೊದಲಿನ ಪಿಡಿಎಫ್‌ನಲ್ಲಿ ಅದೇ ಪಟ್ಟಿ ನೋಡಿದರೆ, ಹಳೆಯ ಲೇಔಟ್‌ನಿಂದ ಗೊತ್ತಿಲ್ಲದೆ ಸೇರಿಕೊಂಡ ಫಾಂಟ್ ಹೆಸರು ಸಿಕ್ಕಿಬೀಳುತ್ತದೆ.

ಚಿತ್ರದ ಕತೆ

ಬೇಲೂರಿನ ಮದನಿಕೆಯ ಚಿತ್ರ ಹಾಕೋಣ ಎಂದರು ಇನ್ನೊಬ್ಬರು. ಶಿಲ್ಪಕ್ಕೆ ಒಂಬತ್ತು ಶತಮಾನ ವಯಸ್ಸು, ಯಾರಿಗೆ ಹಕ್ಕು ಇರುತ್ತದೆ ಎಂಬುದು ಅವರ ವಾದ. ಶಿಲ್ಪ ಹಳೆಯದು, ಫೋಟೋ ಹೊಸದು. ಸಾಮಾನ್ಯವಾಗಿ ಫೋಟೋ ತೆಗೆದವರಿಗೆ ಆ ಫೋಟೋದ ಮೇಲೆ ಕಾಪಿರೈಟ್ ಇರುತ್ತದೆ. ಗೂಗಲ್‌ನಲ್ಲಿ ಕಂಡಿತು ಎಂಬುದು ಅನುಮತಿಯಲ್ಲ.

ಸ್ಟಾಕ್ ತಾಣದಿಂದ ಕೊಳ್ಳುವಾಗ ಮೂರು ವಿಷಯ ನೋಡುತ್ತೇನೆ. ಒಂದು, "Editorial use only" ಎಂದಿದ್ದರೆ ಅದು ಸುದ್ದಿ, ಲೇಖನಗಳಿಗೆ ಮಾತ್ರ. ಪ್ಯಾಕೆಟ್‌ಗೆ ಬೇಡ. ಎರಡು, ಪ್ರತಿಗಳ ಮಿತಿ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ನ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಐದು ಲಕ್ಷ ಪ್ರಿಂಟ್ ಪ್ರತಿಗಳವರೆಗೆ ಅವಕಾಶವಿದೆ. ನಮ್ಮೂರ ಪ್ಯಾಕೆಟ್‌ಗೆ ಅದು ಧಾರಾಳ ಸಾಕು. ಆದರೆ ಚಿತ್ರವನ್ನೇ ನೋಡಿ ಜನ ಕೊಳ್ಳುವ ಮಗ್, ಟೀ ಶರ್ಟ್‌ಗಳಿಗೆ ಇನ್ನೂ ಮೇಲಿನ ದರ್ಜೆಯ ಲೈಸೆನ್ಸ್ ಬೇಕು. ಮೂರು, ಲೋಗೋ. ಸ್ಟಾಕ್ ಚಿತ್ರವನ್ನು ಲೋಗೋ ಮಾಡಿ ಟ್ರೇಡ್‌ಮಾರ್ಕ್ ಮಾಡಿಸಲು ಬಿಡುವುದಿಲ್ಲ. ಕ್ಯಾನ್ವಾದ ಚಿತ್ರಗಳಿಗೂ ಇದೇ ನಿಯಮ.

ಅನ್‌ಸ್ಪ್ಲಾಶ್‌ನಂಥ ಉಚಿತ ತಾಣದ ಚಿತ್ರಗಳನ್ನು ವ್ಯಾಪಾರಕ್ಕೆ ಬಳಸಬಹುದು, ಅದು ಸರಿ. ಆದರೆ ಫೋಟೋದಲ್ಲಿ ಕಾಫಿ ಕೊಯ್ಯುತ್ತಿರುವ ಹೆಂಗಸಿನ ಮುಖ ಗುರುತು ಸಿಗುವಂತಿದ್ದರೆ ಆಕೆಯ ಒಪ್ಪಿಗೆ ಆ ಲೈಸೆನ್ಸ್‌ನಲ್ಲಿ ಬರುವುದಿಲ್ಲ. ನಿಮ್ಮ ತೋಟದಲ್ಲೇ ಫೋಟೋ ತೆಗೆಸಿದರೂ ಅಷ್ಟೇ, ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಸಹಿ ಮಾಡುವ ಮೊದಲು ಓದಿ ಹೇಳಿ.

ಹಣ ಕೊಟ್ಟು ಫೋಟೋ ತೆಗೆಸುವುದೇ ನನಗೆ ಹೆಚ್ಚು ಇಷ್ಟ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಆ ಫೋಟೋದ ಮೊದಲ ಒಡೆಯರು. ಬಿಲ್ ತೋಟದವರ ಹೆಸರಿನಲ್ಲಿರಲಿ.

ಬಿಲ್ ಮತ್ತು ಫೋಲ್ಡರ್

ಲೈಸೆನ್ಸ್ ಖರ್ಚನ್ನು ನನ್ನ ಡಿಸೈನ್ ಫೀಸ್ ಒಳಗೆ ಮುಚ್ಚಿಡುವುದಿಲ್ಲ. ಕೊಟೇಶನ್‌ನಲ್ಲಿ ಬೇರೆ ಸಾಲು ಹಾಕುತ್ತೇನೆ. ಆದಷ್ಟು ಗ್ರಾಹಕರ ಹೆಸರಿನಲ್ಲೇ, ಅವರ ಇಮೇಲ್‌ನಿಂದಲೇ ಕೊಳ್ಳಿಸುತ್ತೇನೆ. ಒಬ್ಬರಿಗೆಂದು ಕೊಂಡ ಸ್ಟಾಕ್ ಚಿತ್ರವನ್ನು ಇನ್ನೊಬ್ಬರ ಕೆಲಸಕ್ಕೆ ಹಾಕಬೇಕಾದರೆ ಮತ್ತೆ ಕೊಳ್ಳಬೇಕು. ಇದನ್ನು ತುಂಬ ಡಿಸೈನರ್‌ಗಳು ಮರೆಯುತ್ತಾರೆ.

ಪ್ರತಿ ಕೆಲಸಕ್ಕೂ ಒಂದು ಲೈಸೆನ್ಸ್ ಫೋಲ್ಡರ್. ಅದರಲ್ಲಿ ಫಾಂಟ್‌ನ ಟೆಕ್ಸ್ಟ್ ಫೈಲ್, ಖರೀದಿ ರಸೀದಿ, ಚಿತ್ರದ ಸಂಖ್ಯೆ, ಮತ್ತು ಇಳಿಸಿಕೊಂಡ ದಿನದ ನಿಯಮ ಪುಟದ ಸ್ಕ್ರೀನ್‌ಶಾಟ್, ತಾರೀಖು ಕಾಣುವಂತೆ. ತಾಣಗಳು ನಿಯಮ ಬದಲಿಸುತ್ತವೆ, ಕೆಲವು ಮುಚ್ಚಿಯೂ ಹೋಗುತ್ತವೆ. ಆಗ ನಿಮ್ಮ ಹತ್ತಿರ ಉಳಿಯುವ ಸಾಕ್ಷಿ ಇದೊಂದೇ.

ಹೋದ ವರ್ಷ ಅದೇ ತೋಟದವರು ಹೋಮ್‌ಸ್ಟೇ ಅತಿಥಿಗಳಿಗೆ ಮಾರಲು ಮಗ್ ಮಾಡಿಸೋಣ ಎಂದರು. ಫೋಲ್ಡರ್ ತೆರೆದೆ. ಕಾಫಿ ಹೂವಿನ ಚಿತ್ರಕ್ಕೆ ಕೊಂಡಿದ್ದದ್ದು ಸ್ಟ್ಯಾಂಡರ್ಡ್ ಲೈಸೆನ್ಸ್, ಅದರಲ್ಲಿ ಮಗ್ ಬರುವುದಿಲ್ಲ. ಮೇಲಿನ ದರ್ಜೆಯ ಲೈಸೆನ್ಸ್‌ನ ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಹೂ ಬೇಡ ಬಿಡಿ, ಕನ್ನಡದಲ್ಲಿ ಹೆಸರು ಮಾತ್ರ ಇರಲಿ’ ಎಂದರು. ಬಾಲೂ ತಮ್ಮದಲ್ಲಿ ದೊಡ್ಡದಾಗಿ ಹೆಸರು ಬರೆದು ಕೊಟ್ಟೆ.