ಒಳಹರಿವು ಇಳಿದರೆ ಡ್ಯಾಂ ಇಳಿಯುತ್ತದೆಯೇ? f′ ಗ್ರಾಫ್ ನೋಡಿ f ಅನ್ನು ಓದುವ ಬಗೆ

ಮಳೆಗಾಲ ಬಂತೆಂದರೆ ಗಂಗಾವತಿಯ ಚಹಾದಂಗಡಿಗಳಲ್ಲಿ ಮಾತೆಲ್ಲ ತುಂಗಭದ್ರಾ ಡ್ಯಾಂ ಸುತ್ತಲೇ. ಎಡದಂಡೆ ಕಾಲುವೆಗೆ ನೀರು ಯಾವಾಗ, ಭತ್ತದ ನಾಟಿ ಯಾವಾಗ ಎನ್ನುವುದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಪೇಪರ್ ಮಡಚುತ್ತ, "ಒಳಹರಿವು ಕಡಿಮಿ ಆಗೈತ್ರಿ ಸರ. ಡ್ಯಾಂ ಇಳ್ಯಾಕತ್ತೈತಿ" ಎಂದರು.

ಒಳಹರಿವು ಇಳಿದದ್ದು ನಿಜ. ಆದರೆ ಅದೇ ಸುದ್ದಿಯಲ್ಲಿ ಹೊರಹರಿವು ಅದಕ್ಕಿಂತ ಕಡಿಮೆ ಇತ್ತು. "ಕಾಕಾ, ಡ್ಯಾಂ ಇನ್ನೂ ಏರಾಕತ್ತೈತ್ರಿ. ಏರೋ ಜೋರು ಕಡಿಮಿ ಆಗೈತಿ, ಅಷ್ಟ" ಎಂದೆ.

"ಎರಡೂ ಒಂದ ಅಲ್ಲೇನ್ರಿ?" ಎಂದರು ಅವರು.

ಅಲ್ಲ. ಸೆಕೆಂಡ್ ಪಿಯುಸಿ ಮಕ್ಕಳ ಉತ್ತರಪತ್ರಿಕೆಯಲ್ಲಿ ನಾನು ಅತಿ ಹೆಚ್ಚು ಸಲ ಕೆಂಪು ಪೆನ್ ಹಾಕುವುದೂ ಇದೇ ತಪ್ಪಿಗೆ. ಡಿರಿವೇಟಿವ್‌ನ ಗ್ರಾಫ್ ಕೊಟ್ಟು, ಮೂಲ ಫಂಕ್ಷನ್ ಎಲ್ಲಿ ಮ್ಯಾಕ್ಸಿಮಮ್, ಎಲ್ಲಿ ಮಿನಿಮಮ್, ಯಾವ ಕಡೆ ಬಾಗಿದೆ ಎಂದು ಕೇಳುತ್ತಾರೆ. ಮಕ್ಕಳು ಕೊಟ್ಟ ಗ್ರಾಫಿನ ಶಿಖರವನ್ನೇ ತೋರಿಸಿ "ಇಲ್ಲೇ ಮ್ಯಾಕ್ಸಿಮಮ್" ಎಂದು ಬರೆದುಬಿಡುತ್ತಾರೆ. ಕಾಕಾ ಮಾಡಿದ್ದೂ ಅದನ್ನೇ ಅಲ್ವಾ?

ಹಾಗಾಗಿ ಡ್ಯಾಂ ಲೆಕ್ಕವನ್ನೇ ಹಿಡಿಯೋಣ. ಡ್ಯಾಂನಲ್ಲಿರುವ ನೀರಿನ ಸಂಗ್ರಹ f. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಉಳಿಯುವುದು f′, ಅಂದರೆ ಸಂಗ್ರಹ ಬದಲಾಗುವ ದರ. ಆವಿಯಾಗಿ ಹೋಗುವುದನ್ನು ಸದ್ಯಕ್ಕೆ ಬಿಡಿ. ಸಂಗ್ರಹವನ್ನು ಟಿಎಂಸಿಯಲ್ಲಿ, ದರವನ್ನು ದಿನಕ್ಕೆ ಇಷ್ಟು ಟಿಎಂಸಿ ಎಂದು ಇಟ್ಟುಕೊಳ್ಳೋಣ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಅಷ್ಟಾಗುತ್ತದೆ.

ಮೊದಲು ಗ್ರಾಫ್ ಬರೆಯಿರಿ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ದಿನಗಳು, 0ರಿಂದ 14ರವರೆಗೆ. ಲಂಬಕ್ಕೆ f′. ಈ ಐದು ಬಿಂದುಗಳನ್ನು ಗುರುತಿಸಿ, ಸ್ಕೇಲ್ ಇಟ್ಟು ಒಂದಾದ ಮೇಲೊಂದರಂತೆ ಜೋಡಿಸಿ: (0, −2), (5, 3), (8, 0), (10, 2), (14, −2). ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನೇ ಹಾಕಿದವು, ಯಾವ ವರ್ಷದ ದಾಖಲೆಯೂ ಅಲ್ಲ.

ಗೆರೆ ದಿನ 2ರಲ್ಲಿ ಸೊನ್ನೆಯನ್ನು ದಾಟಿ ಮೇಲೆ ಬರುತ್ತದೆ. ದಿನ 5ರಲ್ಲಿ ಶಿಖರ. ದಿನ 8ರಲ್ಲಿ ಸೊನ್ನೆಯನ್ನು ಮುಟ್ಟಿ ಮತ್ತೆ ಮೇಲಕ್ಕೆ. ದಿನ 10ರಲ್ಲಿ ಇನ್ನೊಂದು ಶಿಖರ. ದಿನ 12ರಲ್ಲಿ ಸೊನ್ನೆ ದಾಟಿ ಕೆಳಕ್ಕೆ.

ಈಗ ಗ್ರಾಫಿನ ಕೆಳಗೆ ಎರಡು ಉದ್ದನೆಯ ಪಟ್ಟಿ ಎಳೆಯಿರಿ. ಮೊದಲ ಪಟ್ಟಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ: ಗೆರೆ ಸೊನ್ನೆಯ ಮೇಲಿದೆಯೋ ಕೆಳಗಿದೆಯೋ? ಎರಡನೆಯದರಲ್ಲಿ ಬೇರೆ ಪ್ರಶ್ನೆ: ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ? ಒಂದನ್ನು ತುಂಬುವಾಗ ಇನ್ನೊಂದರ ಗೊಡವೆಗೆ ಹೋಗಬೇಡಿ.

ಮೊದಲ ಪಟ್ಟಿ: ಮೇಲೋ, ಕೆಳಗೋ

0ರಿಂದ 2ರವರೆಗೆ ಗೆರೆ ಕೆಳಗಿದೆ, ಮೈನಸ್ ಹಾಕಿ. 2ರಿಂದ 8, ಪ್ಲಸ್. 8ರಿಂದ 12, ಮತ್ತೆ ಪ್ಲಸ್. 12ರಿಂದ 14, ಮೈನಸ್. ಪ್ಲಸ್ ಇದ್ದಲ್ಲಿ ಡ್ಯಾಂ ಏರುತ್ತಿದೆ, ಮೈನಸ್ ಇದ್ದಲ್ಲಿ ಇಳಿಯುತ್ತಿದೆ.

ದಿನ 2ರಲ್ಲಿ ಗುರುತು ಮೈನಸ್‌ನಿಂದ ಪ್ಲಸ್‌ಗೆ ತಿರುಗುತ್ತದೆ. ಅಲ್ಲಿಯವರೆಗೆ ಇಳಿಯುತ್ತಿದ್ದ ನೀರು ಅಲ್ಲಿಂದ ಏರುತ್ತದೆ. ಅಂದರೆ ಅದು f ನ ತಳ, ಲೋಕಲ್ ಮಿನಿಮಮ್. ದಿನ 12ರಲ್ಲಿ ಪ್ಲಸ್‌ನಿಂದ ಮೈನಸ್. ಏರುತ್ತಿದ್ದದ್ದು ಇಳಿಯತೊಡಗಿತು. ಅದು ಲೋಕಲ್ ಮ್ಯಾಕ್ಸಿಮಮ್.

ಇನ್ನು ದಿನ 8. ಇಲ್ಲೇ ಬಹಳ ಮಂದಿ ಜಾರುವುದು. f′ = 0 ಇದೆಯಲ್ಲ, ಏನಾದರೊಂದು ಇರಲೇಬೇಕು ಎಂದುಕೊಂಡು ಕೆಲವರು ಮಿನಿಮಮ್ ಎನ್ನುತ್ತಾರೆ, ಇನ್ನು ಕೆಲವರು ಮ್ಯಾಕ್ಸಿಮಮ್. ಡ್ಯಾಂ ಕಟ್ಟೆಯ ಮೇಲೆ ನಿಂತು ಯೋಚಿಸಿ. ಆ ಕ್ಷಣ ಒಳಹರಿವು, ಹೊರಹರಿವು ಸಮವಾದವು. ನೀರು ಒಂದು ಕ್ಷಣ ನಿಂತಿತು. ನಂತರ ಒಳಹರಿವು ಹೆಚ್ಚಾಯಿತು, ನೀರು ಮತ್ತೆ ಏರಿತು. ಮುಂಚೆಯೂ ಏರಿಕೆ, ಆಮೇಲೂ ಏರಿಕೆ. ಹಾಗಾದರೆ ಶಿಖರ ಎಲ್ಲಿ, ತಳ ಎಲ್ಲಿ? ಎರಡೂ ಇಲ್ಲ. ಸೊನ್ನೆಯನ್ನು ಮುಟ್ಟಿದರೆ ಸಾಲದು, ದಾಟಬೇಕು.

ಎರಡನೇ ಪಟ್ಟಿ: ಏರುತ್ತಿದೆಯೋ, ಇಳಿಯುತ್ತಿದೆಯೋ

ಈಗ ಸೊನ್ನೆಯ ಗೆರೆಯನ್ನು ಮರೆತುಬಿಡಿ. f′ ನ ಗೆರೆ ಎಡದಿಂದ ಬಲಕ್ಕೆ ಹೇಗೆ ಹೋಗುತ್ತದೆ ಎಂಬುದನ್ನಷ್ಟೇ ನೋಡಿ. 0ರಿಂದ 5, ಏರುತ್ತದೆ. 5ರಿಂದ 8, ಇಳಿಯುತ್ತದೆ. 8ರಿಂದ 10, ಏರುತ್ತದೆ. 10ರಿಂದ 14, ಇಳಿಯುತ್ತದೆ.

f′ ಏರುತ್ತಿರುವಲ್ಲಿ f ನೆಟ್ಟಗಿಟ್ಟ ಬೋಗುಣಿಯಂತೆ ಬಾಗಿರುತ್ತದೆ. ಪಠ್ಯದಲ್ಲಿ ಇದಕ್ಕೆ ಕಾನ್‌ಕೇವ್ ಅಪ್ ಎನ್ನುತ್ತಾರೆ. f′ ಇಳಿಯುತ್ತಿರುವಲ್ಲಿ f ಬೋರಲು ಹಾಕಿದ ಬೋಗುಣಿ, ಕಾನ್‌ಕೇವ್ ಡೌನ್. ಒಂದು ಬಗೆಯ ಬಾಗು ಮುಗಿದು ಇನ್ನೊಂದು ಶುರುವಾಗುವ ಜಾಗವೇ ಇನ್‌ಫ್ಲೆಕ್ಷನ್ ಪಾಯಿಂಟ್. ನಮ್ಮ ಗ್ರಾಫಿನಲ್ಲಿ ಅಂಥವು ಮೂರು: ದಿನ 5, 8, 10.

ಚಹಾದಂಗಡಿಯ ಕಾಕಾ ನಿಂತದ್ದು ದಿನ 5ರ ಆಚೆಗೆ. ಅಲ್ಲಿ ಒಳಹರಿವು ಇಳಿಯುತ್ತಿದೆ, ಎರಡನೇ ಪಟ್ಟಿಯಲ್ಲಿ "ಇಳಿಯುತ್ತದೆ" ಎಂದಿದೆ. ಆದರೆ ಮೊದಲ ಪಟ್ಟಿಯಲ್ಲಿ ಇನ್ನೂ ಪ್ಲಸ್. ಡ್ಯಾಂ ಏರುತ್ತಲೇ ಇದೆ, ನಿನ್ನೆಯಷ್ಟು ಬೇಗ ಅಲ್ಲ. ದಿನ 5ರಲ್ಲಿ ನೀರು ಅತಿ ಹೆಚ್ಚು ಇರಲಿಲ್ಲ. ಅತಿ ಜೋರಾಗಿ ಏರುತ್ತಿತ್ತು, ದಿನಕ್ಕೆ 3 ಟಿಎಂಸಿ ದರದಲ್ಲಿ. ನೀರು ಅತಿ ಹೆಚ್ಚಾದದ್ದು ಅದಾಗಿ ಏಳು ದಿನಕ್ಕೆ.

ಇದರ ತಿರುಗುಮುರುಗು 0ರಿಂದ 2ರವರೆಗೆ ಇದೆ. ಅಲ್ಲಿ ಡ್ಯಾಂ ಇಳಿಯುತ್ತಿದೆ, ಆದರೂ ಬೋಗುಣಿ ನೆಟ್ಟಗಿದೆ. ಇಳಿಯುವ ವೇಗ ಕಡಿಮೆಯಾಗುತ್ತ ಬಂದಿದೆ ಎಂದರ್ಥ. "ಇಳಿಯುತ್ತಿದ್ದರೆ ಬೋರಲು, ಏರುತ್ತಿದ್ದರೆ ನೆಟ್ಟಗೆ" ಎಂದು ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ದಿನ 5ರಲ್ಲಿ f′ ಗೆ ಚೂಪು ಮೂಲೆ ಇದೆ, ಅಲ್ಲಿ f″ ಇಲ್ಲ. ಆದರೂ ಅದು ಇನ್‌ಫ್ಲೆಕ್ಷನ್ ಪಾಯಿಂಟೇ, ಯಾಕೆಂದರೆ ಬಾಗು ಬದಲಾಗಿದೆ. ಇನ್ನೊಂದು ಮಾತು. ಆ ಮೂಲೆಯನ್ನು f ಗೂ ಕೊಡಬೇಡಿ. f′ ಕಡಿಯದೆ ಸಾಗಿದ್ದರಿಂದ f ಅಲ್ಲಿ ನುಣುಪಾಗಿಯೇ ಹೋಗುತ್ತದೆ. ದಿನ 12ರಲ್ಲಿ ಗೆರೆ ಸೊನ್ನೆಯನ್ನು ದಾಟಿದರೂ ಇಳಿಯುತ್ತಲೇ ಇದೆ. ಹಾಗಾಗಿ ಅಲ್ಲಿ ಇನ್‌ಫ್ಲೆಕ್ಷನ್ ಇಲ್ಲ.

ಎತ್ತರ ಎಷ್ಟು?

ಇಲ್ಲಿಯವರೆಗೆ ತಿಳಿದದ್ದು ಶಿಖರ ಯಾವ ದಿನ ಎಂಬುದು. ಆ ದಿನ ಎಷ್ಟು ನೀರಿತ್ತು ಎಂಬುದನ್ನು f′ ಒಂದೇ ಹೇಳಲಾರದು. ಬ್ಯಾಂಕಿಗೆ ದಿನದಿನ ಎಷ್ಟು ಹಾಕಿದೆ, ಎಷ್ಟು ತೆಗೆದೆ ಎಂದಷ್ಟೇ ಹೇಳಿದರೆ ಖಾತೆಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ? ಮೊದಲ ದಿನದ ಬಾಕಿ ಬೇಕು. ದಿನ 0ಯಲ್ಲಿ 50 ಟಿಎಂಸಿ ಇತ್ತು ಎನ್ನೋಣ.

ಆಮೇಲಿನದು ತ್ರಿಕೋನಗಳ ವಿಸ್ತೀರ್ಣ ಕೂಡುವ ಕೆಲಸ, ಸೊನ್ನೆಯ ಕೆಳಗಿದ್ದರೆ ಕಳೆಯುವುದು. 0ರಿಂದ 2ರ ತ್ರಿಕೋನ ½ × 2 × 2 = 2, ಅದು ಕೆಳಗಿದೆ. 50ರಲ್ಲಿ 2 ಹೋಗಿ 48. 2ರಿಂದ 8ರವರೆಗಿನ ದೊಡ್ಡ ತ್ರಿಕೋನ ½ × 6 × 3 = 9, ಆದ್ದರಿಂದ ದಿನ 8ಕ್ಕೆ 57. 8ರಿಂದ 12, ½ × 4 × 2 = 4, ದಿನ 12ಕ್ಕೆ 61. ಕೊನೆಯ ತುಂಡು 2 ಕಳೆದು, ದಿನ 14ಕ್ಕೆ 59.

ಹದಿನಾಲ್ಕು ದಿನದಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಯಾವುದು ಎಂದು ಕೇಳಿದರೆ ಎರಡು ತುದಿಗಳನ್ನೂ ಸೇರಿಸಿ ಹೋಲಿಸಿ: 50, 48, 61, 59. ಇಲ್ಲಿ ತುದಿಗಳು ಸೋತವು. ಯಾವಾಗಲೂ ಸೋಲುವುದಿಲ್ಲ. ಗ್ರಾಫ್ ದಿನ 2ರಿಂದ 8ರವರೆಗೆ ಮಾತ್ರ ಇದ್ದಿದ್ದರೆ ಅತಿ ಹೆಚ್ಚು ನೀರು ಬಲತುದಿಯಲ್ಲೇ ಸಿಗುತ್ತಿತ್ತು.

ಗೆರೆ ಹಾರಿದರೆ?

ನಮ್ಮ ಗ್ರಾಫಿನಲ್ಲಿ ಕೈ ಎತ್ತದೆ ಗೆರೆ ಎಳೆದೆವು. ಎಲ್ಲ ಸಲ ಹಾಗಿರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹೊರಹರಿವು ಒಮ್ಮೆಲೇ ನೆಗೆಯಿತು. ಅಂಥ ಕ್ಷಣದಲ್ಲಿ f′ ನಿಧಾನಕ್ಕೆ ಇಳಿಯುವುದಿಲ್ಲ, ಒಂದು ಎತ್ತರದಿಂದ ಇನ್ನೊಂದಕ್ಕೆ ಧುಮುಕುತ್ತದೆ.

ನಮ್ಮ ಲೆಕ್ಕದಲ್ಲೇ ದಿನ 9ರಲ್ಲಿ f′ ಇದ್ದದ್ದು +1. ಆ ಗಳಿಗೆಯಲ್ಲಿ ಗೇಟ್ ತೆರೆದು ಅದು −1ಕ್ಕೆ ಬಿತ್ತು ಎನ್ನಿ. ಗೆರೆ ಸೊನ್ನೆಯನ್ನು ಮುಟ್ಟಲೇ ಇಲ್ಲ. f′ = 0 ಎಲ್ಲಿ ಎಂದು ಮಾತ್ರ ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಮೊದಲ ಪಟ್ಟಿ ತುಂಬಿದವರಿಗೆ ಸಿಗುತ್ತದೆ: ಪ್ಲಸ್ ಹೋಗಿ ಮೈನಸ್ ಬಂತು, ಅದು ಲೋಕಲ್ ಮ್ಯಾಕ್ಸಿಮಮ್, 57.5 ಟಿಎಂಸಿ. ಡ್ಯಾಂನ ನೀರು ಒಂದೇ ಕ್ಷಣಕ್ಕೆ ಮಾಯವಾಗುವುದಿಲ್ಲ. ಹಾಗಾಗಿ f ಕಡಿಯುವುದಿಲ್ಲ, ಆದರೆ ಅದರ ಶಿಖರ ಈ ಸಲ ನುಣುಪಲ್ಲ, ಚೂಪು. +1ರಿಂದ ಬಿದ್ದದ್ದು +½ಕ್ಕೆ ಮಾತ್ರ ಆಗಿದ್ದರೆ? ಚೂಪು ಮೂಲೆ ಇರುತ್ತದೆ, ಮ್ಯಾಕ್ಸಿಮಮ್ ಇರುವುದಿಲ್ಲ.

ಈಗ ನೀವೇ ಒಂದು ಮಾಡಿ. f′(x) = (x − 1)²(x − 4). ಮೊದಲು f′ ನ ಗ್ರಾಫ್ ಬರೆಯಿರಿ, f ಅನ್ನು ಹುಡುಕಲು ಹೋಗಬೇಡಿ. ಗೆರೆ 1ರಲ್ಲಿ ಸೊನ್ನೆಯನ್ನು ಕೆಳಗಿನಿಂದ ಮುಟ್ಟಿ ಹಿಂದಿರುಗುತ್ತದೆ, 3ರಲ್ಲಿ −4ರ ತಳ ಕಂಡು, 4ರಲ್ಲಿ ಸೊನ್ನೆ ದಾಟಿ ಮೇಲೆ ಹೋಗುತ್ತದೆ. ಎರಡು ಪಟ್ಟಿ ತುಂಬಿದರೆ ಬರಬೇಕಾದ ಉತ್ತರ: x = 4ರಲ್ಲಿ ಒಂದೇ ಒಂದು ಮಿನಿಮಮ್, ಇನ್‌ಫ್ಲೆಕ್ಷನ್ 1 ಮತ್ತು 3ರಲ್ಲಿ, ಅವೆರಡರ ನಡುವೆ ಬೋಗುಣಿ ಬೋರಲು, ಉಳಿದ ಕಡೆ ನೆಟ್ಟಗೆ. 1ರಲ್ಲಿ ಮ್ಯಾಕ್ಸಿಮಮ್ ಎಂದು ಬರೆದಿದ್ದರೆ, ದಿನ 8ಕ್ಕೆ ವಾಪಸ್ ಹೋಗಿ.