‘ಕೋಟ್ಯಾಂತರ’ಕ್ಕೆ ಆ ದೀರ್ಘ ಎಲ್ಲಿಂದ ಬಂತು? ಕರಡು ತಿದ್ದುವ ಬಗೆ

ಹೋದ ವರ್ಷ ಒಂದು ಸಹಕಾರ ಬ್ಯಾಂಕಿನವರು ವಾರ್ಷಿಕ ವರದಿಯ ಕರಡು ತಂದುಕೊಟ್ಟರು. ‘ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾರ್, ಜಾಸ್ತಿ ತಪ್ಪೇನಿಲ್ಲ’ ಅಂದರು. ಮೊದಲ ಪುಟದಲ್ಲೇ ಹೀಗಿತ್ತು:

‘ಶತಾಬ್ಧಿ ವರ್ಷದಲ್ಲಿ ಬ್ಯಾಂಕು ಕೋಟ್ಯಾಂತರ ರೂಪಾಯಿ ವ್ಯವಹಾರ ನಡೆಸಿದ್ದು, ಜಾತ್ಯಾತೀತವಾಗಿ ಎಲ್ಲರಿಗೂ ಸಾಲ ನೀಡಿದೆ. ದುರಾವಸ್ಥೆಯಲ್ಲಿದ್ದ ಕಟ್ಟಡದ ರಿಪೇರಿ ಮುಗಿದಿದೆ. ಸದಸ್ಯರು ಬ್ಯಾಂಕಿಗೆ ಬರದೆ ಆಪ್ ಮೂಲಕವೇ ಕಂತು ಕಟ್ಟಬಹುದು. ಬ್ಯಾಂಕ್‌ಗೆ ಬಂದವರಿಗೆ ಆ್ಯಪ್ ಬಳಸುವ ವಿಡಿಯೋ ತೋರಿಸಲಾಗುವುದು. ಇದೇ ವಿಡಿಯೊ ವೆಬ್ ಸೈಟಿನಲ್ಲೂ ಇದೆ. ಸಭೆಯ ನಂತರ ಲಘು ಉಪಹಾರವಿದೆ.’

ಇಂಥದ್ದನ್ನು ಒಂದೇ ಓದಿನಲ್ಲಿ ತಿದ್ದಲು ಹೋದರೆ ಅರ್ಧ ತಪ್ಪು ಉಳಿದುಬಿಡುತ್ತದೆ. ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಸಂಧಿ, ಕಾಗುಣಿತ ಮಾತ್ರ. ಎರಡನೇ ಸಲ ಇಂಗ್ಲಿಷಿನಿಂದ ಬಂದ ಪದಗಳು ಮಾತ್ರ.

ಮೊದಲ ಓದು: ಬಿಡಿಸಿ ನೋಡಿ

ಉದ್ದದ ಸಂಸ್ಕೃತ ಪದದ ನಡುವೆ ದೀರ್ಘ ಕಂಡರೆ ಅಲ್ಲಿ ನಿಲ್ಲಿ. ಪದವನ್ನು ಎರಡಾಗಿ ಬಿಡಿಸಿ. ಎರಡನೇ ಪದ ಯಾವ ಅಕ್ಷರದಿಂದ ಶುರುವಾಗುತ್ತದೆ ಅನ್ನುವುದನ್ನು ನೋಡಿ. ಮೇಲಿನ ಮೂರು ತಪ್ಪುಗಳು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ.

ಕೋಟ್ಯಾಂತರವನ್ನು ಬಿಡಿಸಿದರೆ ಕೋಟಿ, ಅಂತರ. ಇಕಾರದ ಮುಂದೆ ಬೇರೆ ಸ್ವರ ಬಂದಾಗ ಆ ಇಕಾರ ಯಕಾರವಾಗುತ್ತದೆ. ಶಾಲೆಯಲ್ಲಿ ಕಲಿತ ಯಣ್ ಸಂಧಿ ಇದೇ. ಬದಲಾಗುವುದು ಇಕಾರ ಮಾತ್ರ, ಮುಂದಿನ ಸ್ವರ ಇದ್ದ ಹಾಗೇ ಇರುತ್ತದೆ. ‘ಅಂತರ’ದಲ್ಲಿ ಇರುವುದು ಹ್ರಸ್ವ ಅ. ಹಾಗಾಗಿ ಕೋಟ್ಯಂತರ. ಜಾತಿ, ಅತೀತ ಸೇರಿದರೆ ಜಾತ್ಯತೀತ. ಕೋಟ್ಯಧಿಪತಿ, ಗತ್ಯಂತರ ಕೂಡ ಇದೇ ಲೆಕ್ಕ.

ಹಾಗಾದರೆ ಈ ದೀರ್ಘ ಎಲ್ಲಿಂದ ಬಂತು? ನನ್ನ ಅನುಮಾನ ಪಕ್ಕದ ಮನೆಯ ‘ಲಕ್ಷಾಂತರ’ದ ಮೇಲೆ. ಲಕ್ಷ ಅನ್ನುವುದು ಅಕಾರದಲ್ಲಿ ಮುಗಿಯುತ್ತದೆ, ಅಂತರ ಅಕಾರದಿಂದ ಶುರುವಾಗುತ್ತದೆ. ಎರಡು ಅ ಸೇರಿ ಆ ಆಯಿತು. ಅದು ಸವರ್ಣದೀರ್ಘ ಸಂಧಿ, ಅಲ್ಲಿ ದೀರ್ಘ ಸರಿಯೇ. ‘ಲಕ್ಷಾಂತರ, ಕೋಟ್ಯಾಂತರ’ ಅಂತ ಒಟ್ಟಿಗೆ ಹೇಳಿ ಹೇಳಿ ಕಿವಿಗೆ ಅದೇ ಸರಿ ಅನ್ನಿಸಿಬಿಟ್ಟಿದೆ.

ದುರಾವಸ್ಥೆಯದ್ದು ಇನ್ನೊಂದು ಬಗೆ. ಇಲ್ಲಿರುವುದು ದುರ್ ಎಂಬ ಉಪಸರ್ಗ. ಅದರ ರಕಾರ ಮುಂದಿನ ಸ್ವರದ ಜತೆ ಸೇರುತ್ತದೆ, ಅಷ್ಟೆ. ದುರ್, ಅವಸ್ಥೆ ಸೇರಿ ದುರವಸ್ಥೆ. ದುರಭ್ಯಾಸ, ದುರಹಂಕಾರ, ನಿರಪರಾಧಿ ಎಲ್ಲವೂ ಹೀಗೇ. ಆದರೆ ಈ ಉತ್ಸಾಹದಲ್ಲಿ ದುರಾಸೆಯನ್ನು ‘ದುರಸೆ’ ಮಾಡಬೇಡಿ. ಅಲ್ಲಿ ಎರಡನೇ ಪದವೇ ಆಸೆ. ಅತ್ಯಾಧುನಿಕವೂ ಸರಿಯೇ, ಯಾಕೆಂದರೆ ಆಧುನಿಕದಲ್ಲೇ ದೀರ್ಘ ಇದೆ.

ಉಪಹಾರದಲ್ಲಿ ತಪ್ಪು ತಿರುಗಾಮುರುಗಾ ಆಗಿದೆ. ಇಲ್ಲಿ ಬೇಕಾದ ದೀರ್ಘವೇ ಕಾಣೆ. ಉಪ, ಆಹಾರ ಸೇರಿದರೆ ಉಪಾಹಾರ, ಅಂದರೆ ತಿಂಡಿ. ಉಪಹಾರ ಅಂದರೆ ಕಾಣಿಕೆ. ಲಘು ಉಪಹಾರ ಅಂತ ಬರೆದರೆ ಸಣ್ಣದೊಂದು ಉಡುಗೊರೆ ಕೊಡುತ್ತಾರೆ ಅಂತಾಗುತ್ತದೆ. ಹೋಟೆಲ್ ಬೋರ್ಡುಗಳಲ್ಲಿ ಈ ತಪ್ಪು ಎಷ್ಟು ಬೇರೂರಿದೆ ಅಂದರೆ, ಸರಿ ಬರೆದವರನ್ನೇ ಜನ ತಪ್ಪು ಅನ್ನುತ್ತಾರೆ.

ಉಳಿದಿದ್ದು ಶತಾಬ್ಧಿ. ಇದು ಸಂಧಿಯ ತಪ್ಪಲ್ಲ, ಮಹಾಪ್ರಾಣದ್ದು. ಬಿಡಿಸುವ ಉಪಾಯ ಇಲ್ಲೂ ನಡೆಯುತ್ತದೆ. ಅಬ್ದ ಅಂದರೆ ವರ್ಷ, ಅಬ್ಧಿ ಅಂದರೆ ಸಮುದ್ರ. ಬ್ಯಾಂಕಿಗೆ ನೂರು ವರ್ಷ ತುಂಬಿದೆ, ನೂರು ಸಮುದ್ರ ಅಲ್ವಲ್ಲ. ಶತಾಬ್ದಿ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಮಧ್ಯ, ಅಂತರ ಸೇರಿದರೆ ನಿಯಮದ ಪ್ರಕಾರ ಮಧ್ಯಾಂತರ ಆಗಬೇಕು. ಆದರೆ ಕೋರ್ಟಿನ ಮಧ್ಯಂತರ ಆದೇಶ, ಮಧ್ಯಂತರ ಚುನಾವಣೆ ಅಂತಲೇ ಬಳಕೆ ಗಟ್ಟಿಯಾಗಿದೆ. ಇಂಥದ್ದನ್ನು ನಾನು ಮುಟ್ಟುವುದಿಲ್ಲ. ಓದುಗ ಮುಗ್ಗರಿಸುವ ಹಾಗೆ ತಿದ್ದಿ ಏನು ಸಿಗುತ್ತದೆ?

ಎರಡನೇ ಓದು: ಯಾವುದಾದರೂ ಒಂದು

ಇಂಗ್ಲಿಷ್ ಪದಗಳ ವಿಷಯವೇ ಬೇರೆ. ಬಿಡಿಸಿ ನೋಡಲು ಅಲ್ಲಿ ಏನೂ ಇಲ್ಲ. ವಿಡಿಯೊ, ವಿಡಿಯೋ ಎರಡೂ ಚಾಲ್ತಿಯಲ್ಲಿವೆ. ಒಂದೇ ವರದಿಯಲ್ಲಿ ಎರಡೂ ಇರುವುದು ಮಾತ್ರ ತಪ್ಪು. ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಕರಡಿನಲ್ಲಿ ಎರಡು ರೂಪದಲ್ಲಿ ಬಂದ ಪದಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಉಳಿಸಿಕೊಳ್ಳುವ ರೂಪ ಬರೆಯಿರಿ.

ನಾನು ವಿಡಿಯೊ ಇಟ್ಟುಕೊಂಡೆ. ಹಾಗೆ ಇಟ್ಟುಕೊಂಡ ಮೇಲೆ ಫೋಟೊ, ಆಟೊ, ಮೆಟ್ರೊ ಎಲ್ಲವೂ ಹ್ರಸ್ವವೇ ಆಗಬೇಕು. ಒಂದೊಂದು ಪದಕ್ಕೆ ಒಂದೊಂದು ನ್ಯಾಯ ಆಗಬಾರದು. ಆಪ್, ಆ್ಯಪ್ ಎರಡರಲ್ಲಿ ಆ್ಯಪ್ ಉಳಿಸಿದೆ. ಆಪ್ ಅಂದರೆ ಪತ್ರಿಕೆ ಓದುವವರಿಗೆ ರಾಜಕೀಯ ಪಕ್ಷ ನೆನಪಾಗುತ್ತದೆ.

ಬ್ಯಾಂಕಿಗೆ, ಬ್ಯಾಂಕ್‌ಗೆ ವಿಚಾರದಲ್ಲಿ ಬಾಯಿಮಾತನ್ನೇ ಕೇಳಿ. ಬಸ್ಸು, ಕಾರು, ಬ್ಯಾಂಕು ನಮ್ಮ ನಾಲಿಗೆಯಲ್ಲಿ ಉಕಾರ ಪಡೆದು ಎಷ್ಟೋ ಕಾಲವಾಯಿತು. ಅವಕ್ಕೆ ಬಸ್ಸಿಗೆ, ಕಾರಿಗೆ, ಬ್ಯಾಂಕಿಗೆ ಸಲೀಸು. ಆ್ಯಪ್ ಇನ್ನೂ ಹೊಸದು, ‘ಆ್ಯಪ್ಪಿಗೆ’ ಅಂದರೆ ನಗು ಬರುತ್ತದೆ. ಅಲ್ಲಿ ಆ್ಯಪ್‌ಗೆ ಇರಲಿ.

ಹೀಗೆ ಅರ್ಧಾಕ್ಷರದ ಮುಂದೆ ಪ್ರತ್ಯಯ ಬರುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಯೂನಿಕೋಡಿನಲ್ಲಿ ಅದರ ಸಂಖ್ಯೆ U+200C. ಅದು ಬಿಟ್ಟುಹೋದರೆ ಗಕಾರ ಒತ್ತಾಗಿ ಕೆಳಗೆ ಇಳಿದು ‘ಆ್ಯಪ್ಗೆ’ ಅಂತ ಕಾಣುತ್ತದೆ. ವೆಬ್‌ಸೈಟ್ ಅನ್ನು ಕೂಡಿಸಿ ಬರೆಯಲೂ ಇದೇ ಬೇಕು. ಎಷ್ಟೋ ಜನ ಈ ತಾಪತ್ರಯ ತಪ್ಪಿಸಿಕೊಳ್ಳಲು ನಡುವೆ ಜಾಗ ಬಿಟ್ಟು ‘ವೆಬ್ ಸೈಟ್’ ಅಂತ ಟೈಪ್ ಮಾಡುತ್ತಾರೆ. ಆಮೇಲೆ ವೆಬ್‌ಸೈಟ್ ಅಂತ ಹುಡುಕಿದರೆ ಅದು ಸಿಗುವುದಿಲ್ಲ. ಹುಡುಕುವಾಗ ಮೂರೂ ರೂಪ ಹಾಕಿ ನೋಡಿ: ಗುರುತು ಇದ್ದದ್ದು, ಇಲ್ಲದ್ದು, ಜಾಗ ಬಿಟ್ಟದ್ದು.

ಹಾಳೆ ಸಿದ್ಧವಾದ ಮೇಲೆ ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಆಸೆ ಬರುತ್ತದೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡೆ. ‘ಆಪ್’ ಇದ್ದಲ್ಲೆಲ್ಲ ‘ಆ್ಯಪ್’ ಆಗಲಿ ಅಂತ ಒತ್ತಿದ್ದೇ ತಡ, ಅಧ್ಯಕ್ಷರ ‘ಆಪ್ತ ಸಹಾಯಕ’ರು ‘ಆ್ಯಪ್ತ ಸಹಾಯಕ’ರಾದರು. ಕಂಪ್ಯೂಟರಿಗೆ ಪದ ಗೊತ್ತಿಲ್ಲ, ಅಕ್ಷರ ಅಷ್ಟೇ ಗೊತ್ತು. ಒಂದೊಂದಾಗಿ ನೋಡಿ ಬದಲಿಸಿ. ಸಂಸ್ಥೆಗಳ ಹೆಸರು ಬಂದಾಗ ಹಾಳೆ ಪಕ್ಕಕ್ಕಿಡಿ. ಅವರು ತಮ್ಮ ಬೋರ್ಡಿನಲ್ಲಿ ‘ವೀಡಿಯೋ’ ಅಂತ ಬರೆದುಕೊಂಡಿದ್ದರೆ ಹಾಗೇ ಇರಲಿ.

ಕಡೆಗೆ ಆ ಪುಟ ಹೀಗಾಯಿತು:

‘ಶತಾಬ್ದಿ ವರ್ಷದಲ್ಲಿ ಬ್ಯಾಂಕು ಕೋಟ್ಯಂತರ ರೂಪಾಯಿ ವ್ಯವಹಾರ ನಡೆಸಿದ್ದು, ಜಾತ್ಯತೀತವಾಗಿ ಎಲ್ಲರಿಗೂ ಸಾಲ ನೀಡಿದೆ. ದುರವಸ್ಥೆಯಲ್ಲಿದ್ದ ಕಟ್ಟಡದ ರಿಪೇರಿ ಮುಗಿದಿದೆ. ಸದಸ್ಯರು ಬ್ಯಾಂಕಿಗೆ ಬರದೆ ಆ್ಯಪ್ ಮೂಲಕವೇ ಕಂತು ಕಟ್ಟಬಹುದು. ಬ್ಯಾಂಕಿಗೆ ಬಂದವರಿಗೆ ಆ್ಯಪ್ ಬಳಸುವ ವಿಡಿಯೊ ತೋರಿಸಲಾಗುವುದು. ಇದೇ ವಿಡಿಯೊ ವೆಬ್‌ಸೈಟಿನಲ್ಲೂ ಇದೆ. ಸಭೆಯ ನಂತರ ಲಘು ಉಪಾಹಾರವಿದೆ.’

ವರದಿಯ ಜತೆಗೆ ಬ್ಯಾನರ್, ಆಹ್ವಾನ ಪತ್ರಿಕೆಯ ಫೈಲುಗಳನ್ನೂ ಕೇಳಿ ಪಡೆಯಿರಿ. ನಾನು ಕೇಳಿರಲಿಲ್ಲ. ಸಭೆಯ ದಿನ ಊಟದ ಹಾಲಿನ ಬಾಗಿಲ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ‘ಲಘು ಉಪಹಾರ’ ಅಂತ ತೂಗುತ್ತಿತ್ತು.