ಒಂಟಿ ಪೋಷಕರಿಗೆ ಶುಭಾಶಯ: ‘ಅಪ್ಪನೂ ನೀನೇ ಅಮ್ಮನೂ ನೀನೇ’ ಎನ್ನದೆ ಬರೆಯುವುದು ಹೇಗೆ?

ಮೇ ತಿಂಗಳ ಎರಡನೇ ಭಾನುವಾರದ ಅಮ್ಮಂದಿರ ದಿನವಾಗಲಿ, ಜೂನ್ ಮೂರನೇ ಭಾನುವಾರದ ಅಪ್ಪಂದಿರ ದಿನವಾಗಲಿ, ಮಕ್ಕಳನ್ನು ಒಬ್ಬರೇ ಸಾಕಿದವರ ಮೊಬೈಲಿಗೆ ಬಂದು ಬೀಳುವ ಸಾಲು ಒಂದೇ: ‘ನನಗೆ ಅಪ್ಪನೂ ನೀನೇ, ಅಮ್ಮನೂ ನೀನೇ.’ ಬರೆದವರಿಗೆ ಇದು ಹೊಗಳಿಕೆ. ಓದುವವರಿಗೆ ಮೊದಲು ಕಾಣುವುದು ಇಲ್ಲದ ಇನ್ನೊಬ್ಬರ ನೆರಳು. ಗಂಡ ತೀರಿಕೊಂಡಿದ್ದರೆ ಹಳೆಯ ಗಾಯ ಕೆದಕಿದಂತೆ, ಬಿಟ್ಟು ಹೋಗಿದ್ದರೆ ಅವನನ್ನೂ ಶುಭಾಶಯದೊಳಗೆ ಕರೆತಂದಂತೆ. ಒಬ್ಬಳೇ ಮಗುವನ್ನು ದತ್ತು ಪಡೆದವಳಿಗಂತೂ ತುಂಬಬೇಕಾದ ಖಾಲಿ ಜಾಗವೇ ಇರಲಿಲ್ಲ.

1. ದಿನ ಆರಿಸಿ. ಅಮ್ಮನಿಗೆ ಅಮ್ಮಂದಿರ ದಿನ ಸಾಕು. ಅಪ್ಪಂದಿರ ದಿನವೂ ಅವಳಿಗೇ ಶುಭಾಶಯ ಕಳುಹಿಸುವ ರೂಢಿ ಈಗ ಹೆಚ್ಚಿದೆ. ಅವಳೇ ಆ ತಮಾಷೆ ಮಾಡುವವಳಾಗಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಒಂಟಿ ಅಪ್ಪನನ್ನೂ ‘ತಾಯಿಹೃದಯದವನು’ ಮಾಡಬೇಕಾಗಿಲ್ಲ. 1910ರಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಅಪ್ಪಂದಿರ ದಿನವನ್ನು ಆರಂಭಿಸಿದ್ದೇ, ಹೆಂಡತಿ ಸತ್ತ ಮೇಲೆ ಮಕ್ಕಳನ್ನು ಒಬ್ಬನೇ ಬೆಳೆಸಿದ ತನ್ನ ತಂದೆಯ ಗೌರವಕ್ಕೆ.

2. ಕರೆಯುವ ಹೆಸರಿನಿಂದಲೇ ತೊಡಗಿ. ದಿನವೂ ಅಜ್ಜಿ, ದೊಡ್ಡಪ್ಪ, ಅಕ್ಕ ಎನ್ನುತ್ತಿದ್ದವರನ್ನು ಅಂದೊಂದು ದಿನ ‘ಅಮ್ಮಾ’ ಎಂದರೆ ಅವರಿಗೇ ಇರಿಸುಮುರಿಸು.

3. ಒಂದು ಕೆಲಸವನ್ನು ಹುಡುಕಿ. ಎಲ್ಲರೂ ಎಡವುವುದು ಇಲ್ಲಿಯೇ. ಸೋದರಮಾವನ ಬಳಿ ಬೆಳೆದ ಯುವತಿಯೊಬ್ಬಳು ಬರೆಯುತ್ತಾಳೆ ಎಂದುಕೊಳ್ಳಿ. ಮೊದಲ ಕರಡು ಹೀಗಿರುತ್ತದೆ:

‘ಮಾವ, ನೀವು ನನಗೆ ಅಪ್ಪ ಅಮ್ಮನಿಗಿಂತ ಹೆಚ್ಚು. ನಿಮ್ಮ ತ್ಯಾಗಕ್ಕೆ ಬೆಲೆ ಕಟ್ಟಲಾಗದು. ಏಳೇಳು ಜನ್ಮಕ್ಕೂ ಋಣಿ.’

ಮೂರು ವಾಕ್ಯಗಳಲ್ಲಿ ಮಾವ ಎಲ್ಲಿಯೂ ಇಲ್ಲ. ‘ಅಪ್ಪ ಅಮ್ಮನಿಗಿಂತ ಹೆಚ್ಚು’ ಎಂಬುದಂತೂ ಕ್ರೂರ, ಏಕೆಂದರೆ ಅವಳು ಕಳೆದುಕೊಂಡ ಅಮ್ಮ ಅವನ ತಂಗಿ. ಸತ್ತ ತಂಗಿಗಿಂತ ಮೇಲು ಎಂದು ಹೊಗಳಿದರೆ ಯಾವ ಅಣ್ಣ ಹಿಗ್ಗುತ್ತಾನೆ? ‘ತ್ಯಾಗ’ ಎಂದರೆ, ನಿನ್ನನ್ನು ಸಾಕಿದ್ದು ನನಗೆ ನಷ್ಟವಾಗಿತ್ತು ಎಂದು ಅವನು ಒಪ್ಪಿಕೊಂಡ ಹಾಗೆ. ಹಾಗೇನೂ ಇಲ್ಲ ಎಂದು ತಿರುಗಿ ಸಮಾಧಾನ ಹೇಳುವ ಹೊಣೆಯೂ ಅವನ ಮೇಲೆಯೇ ಬೀಳುತ್ತದೆ.

ಗುಣಗಳನ್ನು ಬದಿಗಿಟ್ಟು ಕೇಳಿಕೊಳ್ಳಿ: ಬೇರೆ ಯಾರೂ ನೋಡದ, ನಾನು ಮಾತ್ರ ನೋಡಿದ ಯಾವ ಕೆಲಸವನ್ನು ಇವರು ಮಾಡಿದರು? ಆಸ್ಪತ್ರೆ, ಪರೀಕ್ಷೆ, ಮದುವೆಯಂಥ ದೊಡ್ಡ ಸಂದರ್ಭಗಳು ಬೇಡ. ಅವು ಎಲ್ಲರ ಸಂದೇಶದಲ್ಲಿಯೂ ಇರುತ್ತವೆ. ಮತ್ತೆ ಮತ್ತೆ ನಡೆಯುತ್ತಿದ್ದ ಚಿಕ್ಕ ಕೆಲಸ ಬೇಕು. ಆ ಯುವತಿಗೆ ನೆನಪಾದದ್ದು ಶಾಲೆಯ ಅರ್ಜಿ.

‘ಮಾವ, ಶಾಲೆಯ ಅರ್ಜಿಗಳಲ್ಲಿ “ತಂದೆಯ ಸಹಿ” ಎಂದಿದ್ದಲ್ಲಿ ನೀವು ಅಳತೆಪಟ್ಟಿ ಇಟ್ಟು ಗೆರೆ ಎಳೆದು, “ಸೋದರಮಾವ” ಎಂದು ಬರೆದು ಸಹಿ ಹಾಕುತ್ತಿದ್ದಿರಿ. ಆ ಕಾಗದ ಹಿಡಿದು ತರಗತಿಗೆ ಹೋಗಲು ನನಗೆ ಎಂದೂ ಅಳುಕಾಗಲಿಲ್ಲ. ಈಗ ನಾನೂ ಕಚೇರಿಯಲ್ಲಿ ಅರ್ಜಿ ತುಂಬುತ್ತೇನೆ, ಗೆರೆ ಮಾತ್ರ ನಿಮ್ಮಷ್ಟು ನೇರ ಬರುವುದಿಲ್ಲ. ಅಪ್ಪಂದಿರ ದಿನದ ಶುಭಾಶಯ.’

ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಮಾವ ಸುಳ್ಳು ಹೇಳದೆ, ಮುಚ್ಚಿಡದೆ ಅವಳ ಪರವಾಗಿ ನಿಂತದ್ದು ಗೆರೆಯಲ್ಲೇ ಇದೆ. ಸತ್ತವರ ಪ್ರಸ್ತಾಪವಿಲ್ಲ, ಅವರನ್ನು ಅಳಿಸಿಯೂ ಇಲ್ಲ. ಎರಡನೇ ವಾಕ್ಯವನ್ನು ಮಾತ್ರ ಬಿಡಬೇಡಿ: ಆ ಕೆಲಸದಿಂದ ನಿಮಗೇನಾಯಿತು ಎಂದು ಹೇಳದಿದ್ದರೆ ಅದು ಬರಿಯ ನೆನಪಾಗಿ ಉಳಿಯುತ್ತದೆ.

4. ಪರೀಕ್ಷಿಸಿ. ಹೆಸರು ಬದಲಿಸಿ ಗೆಳೆಯನ ಅಮ್ಮನಿಗೂ ಅದನ್ನೇ ಕಳುಹಿಸಬಹುದಾದರೆ ಮೂರನೇ ಹಂತಕ್ಕೆ ಹಿಂದಿರುಗಿ. ‘ಆದರೂ’, ‘ಇಲ್ಲದಿದ್ದರೂ’, ‘ಕೊರತೆ’ ಕಂಡರೆ ಹೊಡೆದುಹಾಕಿ. ಇಲ್ಲದವರು ಒಳನುಗ್ಗುವುದು ಈ ಪದಗಳಿಂದಲೇ.

ಅಚ್ಚಾದ ಕಾರ್ಡು ಕೊಳ್ಳುವುದಾದರೆ ಒಳಗೆ ಏನೂ ಬರೆಯದ್ದನ್ನೇ ಆರಿಸಿ. ಗುಲಾಬಿಯ ಮೇಲೆ ಪ್ರಾಸ ಕೂರಿಸಿದ, ಅಪ್ಪ ಅಮ್ಮ ಇಬ್ಬರು ಮಕ್ಕಳ ಚಿತ್ರವಿರುವ ಕಾರ್ಡುಗಳು ಈ ಕೆಲಸಕ್ಕೆ ದಂಡ. ಅಮ್ಮಂದಿರ ದಿನಕ್ಕಾಗಿ ಹೋರಾಡಿದ ಅಮೆರಿಕದ ಆನಾ ಜಾರ್ವಿಸ್‌ಗೂ ಅಚ್ಚಿನ ಕಾರ್ಡು ಕಂಡರೆ ಆಗುತ್ತಿರಲಿಲ್ಲ.

5. ಅವರೊಬ್ಬರಿಗೇ ಕಳುಹಿಸಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬೇಡ, ಸ್ಟೇಟಸ್‌ಗೂ ಬೇಡ. ಅಲ್ಲಿ ಹಾಕಿದರೆ ನೆಂಟರ ‘ಪಾಪ, ಒಬ್ಬಳೇ ಎಷ್ಟು ಕಷ್ಟಪಟ್ಟಳು’ ಎಂಬ ಸಾಲುಗಳೆಲ್ಲ ಕೆಳಗೆ ಬಂದು ಸೇರುತ್ತವೆ, ನೀವು ಜೋಪಾನವಾಗಿ ತೆಗೆದ ಕನಿಕರವೆಲ್ಲ ವಾಪಸು ಬರುತ್ತದೆ. ಅವರೇ ನಾಲ್ಕು ಜನರಿಗೆ ತೋರಿಸಿದರೆ ತೋರಿಸಿಕೊಳ್ಳಲಿ.